ಪಾಲುದಾರಿಕೆ ಸಂಸ್ಥೆಯನ್ನು ಎಲ್‌ಎಲ್‌ಪಿ ಮಾಡಿಕೊಂಡರೆ ತೆರಿಗೆ ಕಡಿಮೆಯಾಗುತ್ತದೆಯೇ?

ಗೇಟು_ಗ್ರಿಲ್ಲು (ಹುಬ್ಬಳ್ಳಿ)
ನಾನು ಮತ್ತು ನನ್ನ ಭಾವ ಸೇರಿ 2016ರಿಂದ ಫ್ಯಾಬ್ರಿಕೇಷನ್ ಶೆಡ್ ನಡೆಸುತ್ತಿದ್ದೇವೆ. ಗೇಟು, ಗ್ರಿಲ್, ರೋಲಿಂಗ್ ಶಟರ್, ಗೋದಾಮಿನ ಛಾವಣಿಯ ಕಬ್ಬಿಣದ ಕೆಲಸ ನಮ್ಮದು. ನೋಂದಣಿಯಾದ ಪಾಲುದಾರಿಕೆ ಸಂಸ್ಥೆ, ಇಬ್ಬರಿಗೂ ಸಮಪಾಲು, ಇಬ್ಬರೂ ದಿನವಿಡೀ ಶೆಡ್ಡಿನಲ್ಲೇ ದುಡಿಯುತ್ತೇವೆ.

ಈ ವರ್ಷ, ಅಂದರೆ 2025-26ರಲ್ಲಿ, ವಹಿವಾಟು 90 ಲಕ್ಷ ಮುಟ್ಟಬಹುದು. ಅದರಲ್ಲಿ 70 ಲಕ್ಷ ಬ್ಯಾಂಕಿಗೆ ಬರುತ್ತದೆ, 20 ಲಕ್ಷ ನಗದು. ಕಬ್ಬಿಣ, ಕೂಲಿ, ಕರೆಂಟು, ಬಾಡಿಗೆ, ಸವಕಳಿ ಎಲ್ಲ ಕಳೆದು, ನಾವಿಬ್ಬರು ಏನನ್ನೂ ತೆಗೆದುಕೊಳ್ಳುವ ಮೊದಲು ಸುಮಾರು 9 ಲಕ್ಷ ಉಳಿಯುತ್ತದೆ. ಮೂರು ವರ್ಷದಿಂದ 44ಎಡಿ ಅಡಿಯಲ್ಲಿ ಅಂದಾಜು ಲಾಭ ತೋರಿಸಿ ತೆರಿಗೆ ಕಟ್ಟುತ್ತಿದ್ದೇವೆ.

ಈಗ ಪರಿಚಯದವರೊಬ್ಬರು “ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ, ಅಂದರೆ ಎಲ್‌ಎಲ್‌ಪಿ ಮಾಡಿಕೊಳ್ಳಿ, ತೆರಿಗೆ ಅರ್ಧಕ್ಕೆ ಇಳಿಯುತ್ತದೆ” ಎನ್ನುತ್ತಿದ್ದಾರೆ. ಭಾವನಿಗೆ ಮನಸ್ಸು ಬಂದಿದೆ, ನನಗೆ ಧೈರ್ಯ ಸಾಲದು. ತಿಳಿದವರು ದಯವಿಟ್ಟು ಹೇಳಿ.

ತಿಪಟೂರು_ಕೊಬ್ಬರಿ
ಖಂಡಿತ ಮಾಡಿಕೊಳ್ಳಿ. ಎಲ್‌ಎಲ್‌ಪಿ ಎಂದರೆ ಅರ್ಧ ಕಂಪನಿ ಇದ್ದಂತೆ, ಆದ್ದರಿಂದ ಕಂಪನಿಯ ಕಡಿಮೆ ದರ ಸಿಗುತ್ತದೆ. ಜೊತೆಗೆ ಪಾಲುದಾರರು ಸಂಬಳ ತೆಗೆದುಕೊಂಡು ಸ್ಟ್ಯಾಂಡರ್ಡ್ ಡಿಡಕ್ಷನ್ ಕೂಡ ಪಡೆಯಬಹುದು.

ಲೆಕ್ಕದ_ಮನೆ (ದಾವಣಗೆರೆ)
ಸರ್, ಎರಡೂ ತಪ್ಪು. ಆದಾಯ ತೆರಿಗೆ ಕಾಯ್ದೆ ಎಲ್‌ಎಲ್‌ಪಿಯನ್ನು ಪಾಲುದಾರಿಕೆ ಸಂಸ್ಥೆಯೆಂದೇ ನೋಡುತ್ತದೆ. ಎರಡಕ್ಕೂ ಮೊದಲ ರೂಪಾಯಿಯಿಂದಲೇ ಶೇ 30, ಅದರ ಮೇಲೆ ಶೇ 4 ಸೆಸ್, ಒಟ್ಟು ಶೇ 31.2. ಆದಾಯ ಒಂದು ಕೋಟಿ ದಾಟಿದರೆ ಶೇ 12 ಸರ್ಚಾರ್ಜ್, ಅದೂ ಎರಡಕ್ಕೂ ಒಂದೇ. ತೆರಿಗೆ ಕಟ್ಟಿದ ಮೇಲೆ ಉಳಿದ ಲಾಭ ಪಾಲುದಾರರ ಕೈಗೆ ಬಂದಾಗ ಮತ್ತೆ ತೆರಿಗೆ ಇಲ್ಲ, ಇದೂ ಎರಡಕ್ಕೂ ಒಂದೇ.

ಪಾಲುದಾರರು ಪಡೆಯುವ ಸಂಬಳ ಕಾಯ್ದೆಯ ಕಣ್ಣಿನಲ್ಲಿ ಸಂಬಳವೇ ಅಲ್ಲ, ಅದು ವ್ಯಾಪಾರದ ಆದಾಯ. ಹಾಗಾಗಿ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುವುದಿಲ್ಲ. ಎಷ್ಟೋ ಜನ ರಿಟರ್ನಿನಲ್ಲಿ ಇದನ್ನು ಸಂಬಳದ ಕಾಲಂನಲ್ಲಿ ತುಂಬಿ ಆಮೇಲೆ ನೋಟಿಸ್ ಹಿಡಿದುಕೊಂಡು ಬರುತ್ತಾರೆ.

ತಿಪಟೂರು_ಕೊಬ್ಬರಿ
ದರದ ವಿಷಯದಲ್ಲಿ ನನ್ನದು ತಪ್ಪು, ಒಪ್ಪಿದೆ. ಆದರೆ ಸಂಬಳ ಕೊಟ್ಟರೆ ಸಂಸ್ಥೆಯ ತೆರಿಗೆ ಇಳಿಯುತ್ತದೆ ಎನ್ನುವುದು ನಿಜ ತಾನೆ? ನಮ್ಮ ಅಂಗಡಿಯಲ್ಲಿ ಹಾಗೆಯೇ ಮಾಡುತ್ತೇವೆ.

ಲೆಕ್ಕದ_ಮನೆ (ದಾವಣಗೆರೆ)
ಅದು ನಿಜ, ಪ್ರಶ್ನೆ ಕೇಳಿದವರ ದುಡ್ಡು ಸೋರುತ್ತಿರುವುದೂ ಅಲ್ಲೇ. ಅವರ ಅಂಕಿಗಳನ್ನೇ ಹಿಡಿದು ನೋಡೋಣ.

44ಎಡಿಯಲ್ಲಿ ಬ್ಯಾಂಕಿಗೆ ಬಂದ 70 ಲಕ್ಷಕ್ಕೆ ಶೇ 6, ಅಂದರೆ 4.2 ಲಕ್ಷ. ನಗದಾಗಿ ಬಂದ 20 ಲಕ್ಷಕ್ಕೆ ಶೇ 8, ಅಂದರೆ 1.6 ಲಕ್ಷ. ಒಟ್ಟು 5.8 ಲಕ್ಷ ಅಂದಾಜು ಲಾಭ. ಮೊದಲು ಈ ಮೊತ್ತದಿಂದ ಪಾಲುದಾರರ ಸಂಬಳ, ಬಡ್ಡಿ ಕಳೆಯಲು ಅವಕಾಶವಿತ್ತು. 2016ರ ಹಣಕಾಸು ಕಾಯ್ದೆ ಅದನ್ನು ತೆಗೆದುಹಾಕಿತು. ಆದ್ದರಿಂದ ಪೂರ್ತಿ 5.8 ಲಕ್ಷಕ್ಕೆ ಶೇ 31.2 ಕಟ್ಟಬೇಕು: 1,80,960 ರೂಪಾಯಿ.

ಈಗ ಅದೇ ಸಂಸ್ಥೆ ಸರಿಯಾಗಿ ಪುಸ್ತಕ ಬರೆದು ನಿಜವಾದ 9 ಲಕ್ಷ ಲಾಭ ತೋರಿಸಿತು ಎನ್ನೋಣ. ದುಡಿಯುವ ಪಾಲುದಾರರಿಗೆ ಎಷ್ಟು ಸಂಬಳ ಕೊಡಬಹುದು ಎಂಬುದಕ್ಕೆ 40(ಬಿ) ಮಿತಿ ಹಾಕಿದೆ. 2024-25ರಿಂದ ಆ ಮಿತಿ ದೊಡ್ಡದಾಗಿದೆ: ಲಾಭದ ಮೊದಲ 6 ಲಕ್ಷಕ್ಕೆ ಶೇ 90 ಅಥವಾ 3 ಲಕ್ಷ, ಯಾವುದು ಹೆಚ್ಚೋ ಅದು, ಉಳಿದುದಕ್ಕೆ ಶೇ 60. ಇವರಿಗೆ ಮೊದಲ 6 ಲಕ್ಷಕ್ಕೆ 5.4 ಲಕ್ಷ, ಮುಂದಿನ 3 ಲಕ್ಷಕ್ಕೆ 1.8 ಲಕ್ಷ, ಒಟ್ಟು 7.2 ಲಕ್ಷ. ಸಂಸ್ಥೆಯಲ್ಲಿ ಉಳಿಯುವುದು 1.8 ಲಕ್ಷ, ಅದಕ್ಕೆ ತೆರಿಗೆ 56,160 ರೂಪಾಯಿ. ಇಬ್ಬರಿಗೂ ತಲಾ 3.6 ಲಕ್ಷ ಬರುತ್ತದೆ. ಬೇರೆ ಆದಾಯ ಇಲ್ಲದಿದ್ದರೆ ಅದು ಹೊಸ ಪದ್ಧತಿಯ 4 ಲಕ್ಷದ ಒಳಗೇ ಇರುವುದರಿಂದ ಅವರ ಕೈಯಲ್ಲಿ ತೆರಿಗೆ ಸೊನ್ನೆ.

ವ್ಯತ್ಯಾಸ 1,24,800 ರೂಪಾಯಿ. ಇದಕ್ಕೆ ಎಲ್‌ಎಲ್‌ಪಿ ಬೇಕಾಗಿಲ್ಲ. ಇದ್ದ ಸಂಸ್ಥೆಯಲ್ಲೇ ಆಗುತ್ತದೆ.

ಗೇಟು_ಗ್ರಿಲ್ಲು (ಹುಬ್ಬಳ್ಳಿ)
ಮೇಡಂ, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಬಿಟ್ಟೆ. ಮೂರು ವರ್ಷ ಕಟ್ಟಿದ್ದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಭಾವನಿಗೆ ಅಂಗಡಿ ಬಾಡಿಗೆಯಿಂದ ವರ್ಷಕ್ಕೆ 2 ಲಕ್ಷ ಬರುತ್ತದೆ. ಹಾಗಾದರೆ ಅವರಿಗೆ ತೆರಿಗೆ ಬೀಳುತ್ತದೆಯೇ?

ಲೆಕ್ಕದ_ಮನೆ (ದಾವಣಗೆರೆ)
ಹೊಸ ಪದ್ಧತಿಯಲ್ಲಿ ಒಟ್ಟು ಆದಾಯ 12 ಲಕ್ಷದವರೆಗೆ ಈ ವರ್ಷ ರಿಯಾಯಿತಿ ಇದೆ, ಆದ್ದರಿಂದ ಬೀಳುವುದಿಲ್ಲ. ಆದರೆ ಇನ್ನೊಂದು ಮಾತು. ಪಾಲುದಾರರು ಬೇರೆ ಆದಾಯದಿಂದ ಈಗಾಗಲೇ ಶೇ 30ರ ಹಂತದಲ್ಲಿದ್ದರೆ ಸಂಬಳ ಕೊಟ್ಟು ಪ್ರಯೋಜನವಿಲ್ಲ. ಸಂಸ್ಥೆ ಕಟ್ಟುವುದನ್ನು ಅವರು ಕಟ್ಟುತ್ತಾರೆ, ಅಷ್ಟೇ.

ಹಳೆಯ_ಗುಮಾಸ್ತ
ಮೂವತ್ತು ವರ್ಷ ಆಡಿಟರ್ ಕಚೇರಿಯಲ್ಲಿ ಕೆಲಸ ಮಾಡಿದವನು ನಾನು. ಮೇಡಂ ಹೇಳಿದ ಲೆಕ್ಕ ಸರಿ, ಆದರೆ ಆ 9 ಲಕ್ಷ ಕಾಗದದ ಮೇಲೆ ನಿಲ್ಲಬೇಕಲ್ಲ. 44ಎಡಿಯಲ್ಲಿ ಇದ್ದವರು ಬಿಲ್ಲು ಎತ್ತಿಡುವ ಅಭ್ಯಾಸವನ್ನೇ ಬಿಟ್ಟಿರುತ್ತಾರೆ. ಗುಜರಿ ಅಂಗಡಿಯಿಂದ ತಂದ ಆ್ಯಂಗಲ್ಲಿಗೆ ಬಿಲ್ಲಿಲ್ಲ, ವೆಲ್ಡರ್‌ಗಳ ವಾರದ ಬಟವಾಡೆಗೆ ಸಹಿ ಇಲ್ಲ ಎಂದರೆ ಖರ್ಚನ್ನು ಅಧಿಕಾರಿ ಒಪ್ಪುವುದಿಲ್ಲ. ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚೂ ಹೋಯಿತು. ಮೊದಲು ಬಟವಾಡೆ ಪುಸ್ತಕ ಇಡಿ, ಕಬ್ಬಿಣದ ದುಡ್ಡನ್ನು ಬ್ಯಾಂಕಿನಿಂದಲೇ ಕೊಡಿ. ಆಮೇಲೆ ಉಳಿದ ಮಾತು.

ಇನ್ನೊಂದು ವಿಷಯ ಯಾರೂ ಕೇಳಲಿಲ್ಲ. ನಿಮ್ಮ ಪಾಲುದಾರಿಕೆ ಪತ್ರದಲ್ಲಿ ಸಂಬಳದ ಬಗ್ಗೆ ಏನು ಬರೆದಿದೆ? ಹೇಗೆ ಬರೆದಿದೆಯೋ ಹಾಗೆಯೇ ಇಲ್ಲಿ ಹಾಕಿ.

ಸ್ಟಾರ್ಟಪ್_ಕನಸು
ಇಲ್ಲೇ ಕೇಳುತ್ತೇನೆ. ನಾವು ಮೂವರು ಗೆಳೆಯರು ಆ್ಯಪ್ ಮಾಡುತ್ತಿದ್ದೇವೆ. ಹೂಡಿಕೆದಾರರಿಂದ ಬಂಡವಾಳ ತರಬೇಕು. ಎಲ್‌ಎಲ್‌ಪಿ ಒಳ್ಳೆಯದೋ ಪ್ರೈವೇಟ್ ಲಿಮಿಟೆಡ್ ಒಳ್ಳೆಯದೋ?

ಬೆಳಗಾವಿ_ಫೌಂಡ್ರಿ
ಎಲ್‌ಎಲ್‌ಪಿಯಲ್ಲಿ ಷೇರುಗಳೇ ಇಲ್ಲ, ಹೂಡಿಕೆದಾರರಿಗೆ ಏನು ಕೊಡುತ್ತೀರಿ? ನಿಮ್ಮ ದಾರಿ ಕಂಪನಿ. ಆ ಚರ್ಚೆಗೆ ಬೇರೆ ಎಳೆ ತೆರೆಯಿರಿ, ಇಲ್ಲಿ ಪಾಪ ಅವರ ಪ್ರಶ್ನೆ ಕಳೆದುಹೋಗುತ್ತದೆ.

ಗೇಟು_ಗ್ರಿಲ್ಲು (ಹುಬ್ಬಳ್ಳಿ)
ಗುಮಾಸ್ತರೇ, ಬೀರುವಿನಿಂದ ಪತ್ರ ತೆಗೆದು ನೋಡಿದೆ. ಹೀಗಿದೆ: “ದುಡಿಯುವ ಪಾಲುದಾರರು ಕಾಲಕಾಲಕ್ಕೆ ಪರಸ್ಪರ ಒಪ್ಪಿ ನಿರ್ಧರಿಸಿದ ಸಂಬಳವನ್ನು ಪಡೆಯತಕ್ಕದ್ದು.”

ಹಳೆಯ_ಗುಮಾಸ್ತ
ನನಗಿದ್ದ ಅನುಮಾನ ಇದೇ. ಈ ವಾಕ್ಯದ ಮೇಲೆ ಸಂಬಳ ಕಳೆಯಲು ಬಿಡುವುದಿಲ್ಲ. 1996ರ ಮಾರ್ಚ್‌ನಲ್ಲಿ ನೇರ ತೆರಿಗೆ ಮಂಡಳಿ ಹೊರಡಿಸಿದ 739ನೇ ಸುತ್ತೋಲೆ ಸ್ಪಷ್ಟವಾಗಿದೆ: ಪತ್ರದಲ್ಲಿ ಪ್ರತಿಯೊಬ್ಬ ದುಡಿಯುವ ಪಾಲುದಾರರ ಸಂಬಳದ ಮೊತ್ತ ಇರಬೇಕು, ಇಲ್ಲವೇ ಮೊತ್ತ ಲೆಕ್ಕ ಹಾಕುವ ವಿಧಾನ ಇರಬೇಕು. “ಒಪ್ಪಿ ನಿರ್ಧರಿಸಿದ” ಎಂಬುದರಲ್ಲಿ ಎರಡೂ ಇಲ್ಲ.

ತಿದ್ದುಪಡಿ ಪತ್ರವನ್ನು ತಡಮಾಡದೆ ಮಾಡಿಸಿ. ಹಿಂದಿನ ತಾರೀಖಿನಿಂದ ಜಾರಿ ಎಂದು ಬರೆಸಬೇಡಿ, ಅದು ನಡೆಯುವುದಿಲ್ಲ. ಪತ್ರದ ತಾರೀಖಿಗಿಂತ ಹಿಂದಿನ ಅವಧಿಯ ಸಂಬಳವನ್ನು ಕಾಯ್ದೆಯೇ ತಳ್ಳಿಹಾಕುತ್ತದೆ. ನೀವು ತಡ ಮಾಡಿದ ಪ್ರತಿ ತಿಂಗಳೂ ನಷ್ಟ.

ಬೆಳಗಾವಿ_ಫೌಂಡ್ರಿ
ನಮ್ಮ ಪತ್ರದಲ್ಲಿ “40(ಬಿ) ಅಡಿಯಲ್ಲಿ ಒಪ್ಪಿತವಾದ ಗರಿಷ್ಠ ಮೊತ್ತವನ್ನು ಪಾಲುದಾರರು ಸಮನಾಗಿ ಪಡೆಯತಕ್ಕದ್ದು” ಎಂದಿದೆ. ಹತ್ತು ವರ್ಷದಿಂದ ಯಾರೂ ತಕರಾರು ಮಾಡಿಲ್ಲ.

ಲೆಕ್ಕದ_ಮನೆ (ದಾವಣಗೆರೆ)
ಆ ಬರಹ ಬಹುಮಟ್ಟಿಗೆ ನಿಲ್ಲುತ್ತದೆ, ಏಕೆಂದರೆ ಲೆಕ್ಕ ಹಾಕುವ ವಿಧಾನ ಅದರಲ್ಲಿದೆ. ಆದರೂ ನಾನು ಕಾಯ್ದೆಯ ಸೆಕ್ಷನ್ ಸಂಖ್ಯೆಯ ಮೇಲೆ ನಿಲ್ಲುವ ಪತ್ರ ಬರೆಯುವುದಿಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬರುತ್ತದೆ, ಸಂಖ್ಯೆಗಳೆಲ್ಲ ಬದಲಾಗುತ್ತವೆ. ಶೇಕಡಾವಾರು ಪ್ರಮಾಣವನ್ನೇ ಪತ್ರದಲ್ಲಿ ಬಿಡಿಸಿ ಬರೆಸಿ, “ಕಾಯ್ದೆ ಕಾಲಕಾಲಕ್ಕೆ ಒಪ್ಪುವ ಮಿತಿಗೆ ಒಳಪಟ್ಟು” ಎಂದು ಸೇರಿಸಿ.

ಎಲ್‌ಎಲ್‌ಪಿಯವರೂ ಇದನ್ನು ಓದಿಕೊಳ್ಳಬೇಕು. ನೋಂದಣಿಯಾದ 30 ದಿನದಲ್ಲಿ ಒಪ್ಪಂದವನ್ನು ಫಾರಂ 3ರಲ್ಲಿ ಸಲ್ಲಿಸಬೇಕು. ಆ ಒಪ್ಪಂದ ಸಂಬಳದ ಬಗ್ಗೆ ಮೌನವಾಗಿದ್ದರೆ ಎಲ್‌ಎಲ್‌ಪಿ ಕಾಯ್ದೆಯ ಮೊದಲ ಅನುಸೂಚಿ ಅನ್ವಯಿಸುತ್ತದೆ, ಅದರ ಪ್ರಕಾರ ಯಾವ ಪಾಲುದಾರರಿಗೂ ಸಂಬಳದ ಹಕ್ಕಿಲ್ಲ. ಅಂತರ್ಜಾಲದಿಂದ ಇಳಿಸಿಕೊಂಡ ಮಾದರಿ ಒಪ್ಪಂದ ಹಾಕಿ ಸಂಬಳದ ಕಲಮನ್ನೇ ಬಿಟ್ಟವರನ್ನು ನಾನು ಕಂಡಿದ್ದೇನೆ.

ತುಂಗಾ_ತೀರ
ಪುಸ್ತಕ ಬರೆದು ಸಂಬಳ ಕಳೆದರೆ ಲಾಭ ವಹಿವಾಟಿನ ಶೇ 2ಕ್ಕೆ ಇಳಿಯಿತು. ಶೇ 6ಕ್ಕಿಂತ ಕಡಿಮೆ ತೋರಿಸಿದರೆ ಆಡಿಟ್ ಕಡ್ಡಾಯ ಅಲ್ಲವೇ? ಅದರ ಖರ್ಚನ್ನು ಯಾರೂ ಹೇಳುತ್ತಿಲ್ಲ.

ಲೆಕ್ಕದ_ಮನೆ (ದಾವಣಗೆರೆ)
ಎಲ್ಲರಿಗೂ ಅಲ್ಲ. ಎಂದೂ 44ಎಡಿ ಆರಿಸಿಕೊಳ್ಳದ ಸಂಸ್ಥೆ ಒಂದು ಕೋಟಿಯೊಳಗೆ ವಹಿವಾಟು ಮಾಡಿ ಶೇ 2 ತೋರಿಸಿದರೂ ತೆರಿಗೆ ಆಡಿಟ್ ಬೇಕಿಲ್ಲ. ಆದರೆ ಇವರು ಮೂರು ವರ್ಷ ಅದರಲ್ಲಿದ್ದವರು. ಆರಿಸಿಕೊಂಡ ಮೇಲೆ ಐದು ವರ್ಷದೊಳಗೆ ಹೊರಬಂದರೆ ಮುಂದಿನ ಐದು ವರ್ಷ ಮತ್ತೆ ಒಳಗೆ ಹೋಗುವಂತಿಲ್ಲ, ಆಡಿಟ್ ಕೂಡ ಮಾಡಿಸಬೇಕು. ಸಂಸ್ಥೆಗೆ ತೆರಿಗೆ ಇಲ್ಲದ ಕನಿಷ್ಠ ಮಿತಿ ಎಂಬುದೇ ಇಲ್ಲವಾದ್ದರಿಂದ ಒಂದು ರೂಪಾಯಿ ಆದಾಯವಿದ್ದರೂ ತಪ್ಪಿಸಿಕೊಳ್ಳಲಾಗದು. ಆಡಿಟ್ ಶುಲ್ಕ 30-40 ಸಾವಿರ ಎಂದುಕೊಂಡರೂ ಇವರಿಗೆ ವರ್ಷಕ್ಕೆ 80 ಸಾವಿರಕ್ಕೂ ಹೆಚ್ಚು ಉಳಿಯುತ್ತದೆ.

ಎಲ್‌ಎಲ್‌ಪಿಗೆ 44ಎಡಿಯ ಬಾಗಿಲು ಮೊದಲಿನಿಂದಲೂ ಮುಚ್ಚಿದೆ. ಬದಲಿಗೆ ಎಲ್‌ಎಲ್‌ಪಿ ನಿಯಮಗಳದೇ ಆಡಿಟ್ ಇದೆ: ವಹಿವಾಟು 40 ಲಕ್ಷ ಅಥವಾ ಪಾಲುದಾರರ ಬಂಡವಾಳ 25 ಲಕ್ಷ ದಾಟಿದರೆ ಮಾಡಿಸಬೇಕು. ಇವರ 90 ಲಕ್ಷಕ್ಕೆ ಹೇಗೂ ಬೀಳುತ್ತದೆ.

ತುಂಗಾ_ತೀರ
ಇಲ್ಲಿ ನಾನು ಒಪ್ಪುವುದಿಲ್ಲ ಮೇಡಂ. ನಿಯಮವನ್ನು ಓದಿದ್ದೇನೆ. ವಹಿವಾಟು 40 ಲಕ್ಷ ಮೀರದ “ಅಥವಾ” ಬಂಡವಾಳ 25 ಲಕ್ಷ ಮೀರದ ಎಲ್‌ಎಲ್‌ಪಿಗೆ ಆಡಿಟ್ ಬೇಕಿಲ್ಲ ಎಂದಿದೆ. ಎರಡರಲ್ಲಿ ಒಂದು ಒಳಗಿದ್ದರೆ ಸಾಕು ಎಂದೇ ಅದರ ಅರ್ಥ. ಇವರ ಬಂಡವಾಳ 25 ಲಕ್ಷ ಇರಲಾರದು.

ಲೆಕ್ಕದ_ಮನೆ (ದಾವಣಗೆರೆ)
ಅಕ್ಷರಶಃ ಓದಿದರೆ ನಿಮ್ಮ ಅರ್ಥವೂ ಬರುತ್ತದೆ. ಆದರೆ ವೃತ್ತಿಯಲ್ಲಿರುವ ಬಹುತೇಕರು ಎರಡರಲ್ಲಿ ಯಾವುದೇ ಒಂದು ದಾಟಿದರೂ ಆಡಿಟ್ ಮಾಡಿಸುತ್ತಾರೆ, ನಾನೂ ಹಾಗೆಯೇ. ದಂಡದ ಭಾರ ಹೊರುವವರು ಗ್ರಾಹಕರು, ನಮ್ಮ ವ್ಯಾಕರಣದ ವಾದಕ್ಕೆ ಅವರನ್ನು ಒಡ್ಡಲಾರೆ.

ತುಂಗಾ_ತೀರ
ಎಚ್ಚರಿಕೆ ಬೇರೆ, ಕಾನೂನು ಬೇರೆ. ನನ್ನ ಮಾತು ಹಾಗೆಯೇ ಇರಲಿ.

ಕಡಲ_ತಡಿ
ನನ್ನ ಕಥೆ ಕೇಳಿ. ನಾನು ಮತ್ತು ನನ್ನ ಅಕ್ಕ 2014ರಲ್ಲಿ ಮೀನಿನ ಉಪ್ಪಿನಕಾಯಿ ವ್ಯಾಪಾರಕ್ಕೆಂದು ಎಲ್‌ಎಲ್‌ಪಿ ಮಾಡಿದೆವು. ಅಕ್ಕನಿಗೆ ಮದುವೆಯಾಗಿ ಊರು ಬಿಟ್ಟಳು, ವ್ಯಾಪಾರ ಶುರುವಾಗಲೇ ಇಲ್ಲ. ವ್ಯವಹಾರವಿಲ್ಲದ ಮೇಲೆ ಲೆಕ್ಕ ಯಾವುದು ಎಂದು ಸುಮ್ಮನಿದ್ದೆವು. ವ್ಯವಹಾರ ಸೊನ್ನೆಯಾದರೂ ಮೇ 30ಕ್ಕೆ ಫಾರಂ 11, ಅಕ್ಟೋಬರ್ 30ಕ್ಕೆ ಫಾರಂ 8 ಸಲ್ಲಿಸಲೇಬೇಕಿತ್ತು. ಆಗ ತಡವಾದ ಪ್ರತಿ ದಿನಕ್ಕೆ ಪ್ರತಿ ಫಾರಂಗೆ ನೂರು ರೂಪಾಯಿ, ಗರಿಷ್ಠ ಮಿತಿ ಇಲ್ಲ. ಎರಡು ವರ್ಷ ತಡವಾದ ಒಂದೇ ಫಾರಂಗೆ 73,000 ರೂಪಾಯಿ ಬಿತ್ತು. ಒಂದು ಬಾಟಲಿ ಉಪ್ಪಿನಕಾಯಿಯನ್ನೂ ಮಾರದ ಸಂಸ್ಥೆಗೆ ಅಮ್ಮನ ಬಳೆ ಅಡವಿಟ್ಟು ಕಟ್ಟಿದೆವು.

ಲೆಕ್ಕದ_ಮನೆ (ದಾವಣಗೆರೆ)
ಓದಿ ಸಂಕಟವಾಯಿತು. 2022ರ ಏಪ್ರಿಲ್‌ನಿಂದ ಆ ಪದ್ಧತಿ ಬದಲಾಗಿದೆ. ಈಗ ಎಷ್ಟು ದಿನ ತಡ ಎಂಬುದರ ಮೇಲೆ ಮೂಲ ಶುಲ್ಕದ ಇಷ್ಟು ಪಟ್ಟು ಎಂದು ಏರುತ್ತಾ ಹೋಗುತ್ತದೆ. ಹೊರೆ ಕಡಿಮೆಯಾಗಿದೆ, ಆದರೆ ಸುಮ್ಮನಿದ್ದರೆ ಬೆಳೆಯುವ ಗುಣ ಹೋಗಿಲ್ಲ. ಸಾಮಾನ್ಯ ಪಾಲುದಾರಿಕೆ ಸಂಸ್ಥೆಗೆ ಈ ವಾರ್ಷಿಕ ಫಾರಂಗಳೇ ಇಲ್ಲ.

ಬೆಳಗಾವಿ_ಫೌಂಡ್ರಿ
ಫಾರಂ 8ರ ಬಗ್ಗೆ ನನ್ನದೊಂದು ಮಾತು. ಶುಲ್ಕ ಕಟ್ಟಿದರೆ ಅದನ್ನು ಯಾರು ಬೇಕಾದರೂ ನೋಡಬಹುದು. ನಮ್ಮ ದೊಡ್ಡ ಗ್ರಾಹಕರೊಬ್ಬರು ಎಲ್‌ಎಲ್‌ಪಿಯಾಗಿದ್ದ ನಮ್ಮ ಇನ್ನೊಂದು ಘಟಕದ ಲಾಭದ ಅಂಕಿ ತೆಗೆಸಿಕೊಂಡು “ಇಷ್ಟು ಲಾಭವಿರುವಾಗ ದರ ಏಕೆ ಇಳಿಸುವುದಿಲ್ಲ” ಎಂದು ಎದುರು ಕೂತರು. ಪಾಲುದಾರಿಕೆ ಸಂಸ್ಥೆಯ ಲೆಕ್ಕ ಹಾಗೆ ಬೀದಿಗೆ ಬರುವುದಿಲ್ಲ.

ಭಾವನ_ಪರ
ನಾನು ಪ್ರಶ್ನೆ ಕೇಳಿದವರ ಭಾವ. ಹೆಂಡತಿಯ ತಮ್ಮ ಇಲ್ಲಿ ಕೇಳಿದ್ದಾನೆಂದು ಗೊತ್ತಾಗಿ ಖಾತೆ ತೆರೆದೆ. ನನಗೆ ಎಲ್‌ಎಲ್‌ಪಿ ಬೇಕಾಗಿದ್ದು ತೆರಿಗೆಗಲ್ಲ. ನಾವು ಕಟ್ಟಿದ ಛಾವಣಿ ನಾಳೆ ಗಾಳಿಗೆ ಹಾರಿ ಯಾರ ಮೇಲಾದರೂ ಬಿದ್ದರೆ ನನ್ನ ಮನೆ ಹೋಗಬಾರದು. ಅದನ್ನು ಯಾರೂ ಮಾತನಾಡುತ್ತಿಲ್ಲ.

ಹಳೆಯ_ಗುಮಾಸ್ತ
ಸ್ವಾಮಿ, ನಿಮ್ಮ ಭಯ ನ್ಯಾಯವಾದದ್ದು. ಪಾಲುದಾರಿಕೆ ಸಂಸ್ಥೆಯ ಸಾಲ, ಪರಿಹಾರ ಎಲ್ಲಕ್ಕೂ ಪಾಲುದಾರರ ಮನೆ ಮಠವೂ ಹೊಣೆ. ಎಲ್‌ಎಲ್‌ಪಿಯಲ್ಲಿ ನಿಮ್ಮ ಭಾವಮೈದುನ ಮಾಡಿದ ತಪ್ಪಿಗೆ ನಿಮ್ಮ ಮನೆ ಹೋಗುವುದಿಲ್ಲ. ಆದರೆ ನೀವೇ ಮಾಡಿದ ತಪ್ಪಿಗೆ ನೀವೇ ಹೊಣೆ, ಅದು ಅಲ್ಲೂ ತಪ್ಪುವುದಿಲ್ಲ. ಬ್ಯಾಂಕಿನವರು ಓವರ್‌ಡ್ರಾಫ್ಟ್ ಕೊಡುವಾಗ ಇಬ್ಬರಿಂದಲೂ ವೈಯಕ್ತಿಕ ಜಾಮೀನು ಬರೆಸಿಕೊಂಡರೆ ಆ ಸಾಲದ ಮಟ್ಟಿಗೆ ಸೀಮಿತ ಹೊಣೆ ಮುಗಿಯಿತು.

ಲೆಕ್ಕದ_ಮನೆ (ದಾವಣಗೆರೆ)
ತೆರಿಗೆ ಬಾಕಿಗೂ ಒಂದು ವಿಶೇಷವಿದೆ. ಎಲ್‌ಎಲ್‌ಪಿಯಿಂದ ಆದಾಯ ತೆರಿಗೆ ವಸೂಲಾಗದಿದ್ದರೆ ಆ ವರ್ಷ ಪಾಲುದಾರರಾಗಿದ್ದ ಎಲ್ಲರನ್ನೂ ಇಲಾಖೆ ಹಿಡಿಯಬಹುದು. ತಮ್ಮ ಕಡೆಯಿಂದ ಘೋರ ನಿರ್ಲಕ್ಷ್ಯ, ಕರ್ತವ್ಯಲೋಪ ಆಗಿಲ್ಲವೆಂದು ಪಾಲುದಾರರೇ ಸಾಬೀತು ಮಾಡಬೇಕು. ಸಾಮಾನ್ಯ ಸಂಸ್ಥೆಯ ಪಾಲುದಾರರಿಗೆ ಆ ಸಮರ್ಥನೆಯೂ ಇಲ್ಲ.

ಪರಿವರ್ತನೆ ಮಾಡಿಸಿದರೂ ಹಳೆಯ ಕೆಲಸಗಳ ಹೊಣೆ ಹಾಗೆಯೇ ಇರುತ್ತದೆ. 2016ರಿಂದ ಇಲ್ಲಿಯವರೆಗೆ ಕಟ್ಟಿದ ಛಾವಣಿಗಳಿಗೆ ನೀವಿಬ್ಬರೂ ವೈಯಕ್ತಿಕವಾಗಿಯೇ ಉತ್ತರಿಸಬೇಕು. ಮುಂದಿನ ಕೆಲಸಗಳಿಗೆ ಮಾತ್ರ ರಕ್ಷಣೆ. ಅದರ ಜೊತೆಗೆ ಹೊಣೆಗಾರಿಕೆ ವಿಮೆಯನ್ನೂ ವಿಚಾರಿಸಿ.

ಭಾವನ_ಪರ
ಹಳೆಯ ಕೆಲಸಗಳ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಪರಿವರ್ತನೆಯಲ್ಲಿ ಶೆಡ್ಡಿನ ಜಾಗಕ್ಕೆ ಮುದ್ರಾಂಕ ಶುಲ್ಕ ಬೀಳುತ್ತದೆಯೇ? ಜಾಗ ಸಂಸ್ಥೆಯ ಹೆಸರಿನಲ್ಲಿದೆ.

ಬೆಳಗಾವಿ_ಫೌಂಡ್ರಿ
ಬಾಡಿಗೆ ಎಂದು ಮೊದಲು ಬರೆದಿದ್ದರಲ್ಲ?

ಗೇಟು_ಗ್ರಿಲ್ಲು (ಹುಬ್ಬಳ್ಳಿ)
ಬಾಡಿಗೆ ಕೊಡುವುದು ಸಾಮಾನು ಇಡುವ ಗೋದಾಮಿಗೆ. ಶೆಡ್ಡಿನ ಜಾಗ ಸಂಸ್ಥೆಯದು.

ಬೆಳಗಾವಿ_ಫೌಂಡ್ರಿ
ಎಲ್‌ಎಲ್‌ಪಿ ಕಾಯ್ದೆಯ ಪ್ರಕಾರ ಆಸ್ತಿ ತಾನಾಗಿಯೇ ಎಲ್‌ಎಲ್‌ಪಿಗೆ ಸೇರುತ್ತದೆ, ಬೇರೆ ಪತ್ರ ಬೇಡ. ಆದ್ದರಿಂದ ಶುಲ್ಕವಿಲ್ಲ ಎಂದು ನಮ್ಮ ವಕೀಲರ ವಾದ. ಖಾತೆ ಬದಲಾವಣೆಗೆ ಹೋದಾಗ ಕಚೇರಿಯಲ್ಲಿ ನೋಂದಾಯಿತ ಪತ್ರ ತನ್ನಿ ಎಂದರು. ಒಂದೂವರೆ ವರ್ಷದಿಂದ ಓಡಾಡುತ್ತಿದ್ದೇವೆ, ಇನ್ನೂ ಮುಗಿದಿಲ್ಲ. ಹೊಸ ಪ್ಯಾನ್, ಹೊಸ ಜಿಎಸ್‌ಟಿ ಸಂಖ್ಯೆ ತೆಗೆದುಕೊಂಡು ಹಳೆಯ ಜಿಎಸ್‌ಟಿ ಜಮೆಯನ್ನು ಫಾರಂ ಐಟಿಸಿ-02ರಲ್ಲಿ ವರ್ಗಾಯಿಸುವ ಕೆಲಸ ಬೇರೆ.

ತಿಪಟೂರು_ಕೊಬ್ಬರಿ
ಈ ಏಪ್ರಿಲ್‌ನಿಂದ ಪಾಲುದಾರರ ಸಂಬಳಕ್ಕೂ ಟಿಡಿಎಸ್ ಎಂದು ಕೇಳಿದೆ. ಅದು ಎಲ್‌ಎಲ್‌ಪಿಗೆ ಮಾತ್ರವೇ?

ಲೆಕ್ಕದ_ಮನೆ (ದಾವಣಗೆರೆ)
ಎರಡಕ್ಕೂ. 2025ರ ಏಪ್ರಿಲ್ 1ರಿಂದ 194ಟಿ ಜಾರಿಯಲ್ಲಿದೆ. ಪಾಲುದಾರರೊಬ್ಬರಿಗೆ ಸಂಬಳ, ಬಡ್ಡಿ, ಬೋನಸ್, ಕಮಿಷನ್ ಸೇರಿ ವರ್ಷಕ್ಕೆ 20,000 ದಾಟಿದರೆ ಶೇ 10 ಹಿಡಿಯಬೇಕು. ಲಾಭದ ಪಾಲಿಗೆ, ಬಂಡವಾಳ ವಾಪಸಾತಿಗೆ ಇಲ್ಲ. ಇವರ ಲೆಕ್ಕದಲ್ಲಿ ತಲಾ 36,000 ರೂಪಾಯಿ ಹಿಡಿದು ಕಟ್ಟಬೇಕು, ಟ್ಯಾನ್ ಇಲ್ಲದಿದ್ದರೆ ಈಗಲೇ ತೆಗೆದುಕೊಳ್ಳಬೇಕು. ತೆರಿಗೆ ಸೊನ್ನೆಯಾದ್ದರಿಂದ ರಿಟರ್ನ್ ಸಲ್ಲಿಸಿದ ಮೇಲೆ ಆ ದುಡ್ಡು ವಾಪಸ್ ಬರುತ್ತದೆ. ಹಿಡಿಯದೆ ಬಿಟ್ಟರೆ ಸಂಸ್ಥೆಗೆ ಆ ಖರ್ಚಿನ ಶೇ 30 ಭಾಗ ಕಳೆಯಲು ಸಿಗುವುದಿಲ್ಲ.

ತುಂಗಾ_ತೀರ
ಯಾವಾಗ ಹಿಡಿಯುವುದು? ಸಂಬಳ ಎಷ್ಟೆಂದು ಮಾರ್ಚ್‌ನಲ್ಲಿ ಲಾಭ ಗೊತ್ತಾದ ಮೇಲೆಯೇ ತಿಳಿಯುವುದು. ಪಾಲುದಾರರು ಮಾತ್ರ ಪ್ರತಿ ತಿಂಗಳೂ ಮನೆ ಖರ್ಚಿಗೆ ತೆಗೆಯುತ್ತಲೇ ಇರುತ್ತಾರೆ.

ಲೆಕ್ಕದ_ಮನೆ (ದಾವಣಗೆರೆ)
ಜಮೆ ಅಥವಾ ಪಾವತಿ, ಯಾವುದು ಮೊದಲೋ ಆಗ. ತಿಂಗಳಿಗೆ ಇಷ್ಟು ಎಂದು ಪತ್ರದಲ್ಲಿದ್ದು ಅದನ್ನೇ ಕೊಡುತ್ತಿದ್ದರೆ ಕೊಡುವಾಗಲೇ ಹಿಡಿಯಬೇಕು, ಅದರಲ್ಲಿ ಅನುಮಾನವಿಲ್ಲ. ಬಂಡವಾಳದ ಖಾತೆಯಿಂದ ತೆಗೆದ ದುಡ್ಡನ್ನು ಹೇಗೆ ನೋಡಬೇಕು ಎಂಬುದರಲ್ಲಿ ನಮ್ಮಲ್ಲೇ ಎರಡು ಮಾತಿದೆ. ನಾನು ನನ್ನ ಗ್ರಾಹಕರಿಗೆ ತಿಂಗಳಿಗೆ ಒಂದು ಸಣ್ಣ ಸಂಬಳ ನಿಗದಿ ಮಾಡಿಸಿ ಅದಕ್ಕೆ ಹಿಡಿಸುತ್ತೇನೆ, ಉಳಿದದ್ದಕ್ಕೆ ಮಾರ್ಚ್ 31ರಂದು.

ಹಳೆಯ_ಗುಮಾಸ್ತ
ಬಂಡವಾಳದ ಖಾತೆಯಲ್ಲಿ ಬಾಕಿಯೇ ಇಲ್ಲದೆ ತೆಗೆಯುತ್ತಾ ಹೋದರೆ ಅದನ್ನು ಬಂಡವಾಳ ವಾಪಸ್ ಎಂದು ಹೇಳುವುದು ಕಷ್ಟ. ಅದನ್ನೂ ನೋಡಿಕೊಳ್ಳಿ.

ಗೇಟು_ಗ್ರಿಲ್ಲು (ಹುಬ್ಬಳ್ಳಿ)
ಎಲ್ಲರಿಗೂ ಕೈ ಮುಗಿಯುತ್ತೇನೆ. ಈ ಸೋಮವಾರ ತಿದ್ದುಪಡಿ ಪತ್ರಕ್ಕೆ ಛಾಪಾ ಕಾಗದ ತರುತ್ತೇನೆ. ಟ್ಯಾನ್‌ಗೆ ಅರ್ಜಿಯನ್ನೂ ಅಂದೇ ಹಾಕುತ್ತೇನೆ. ಎಲ್‌ಎಲ್‌ಪಿ ವಿಷಯ ಭಾವ ಮತ್ತು ನಾನು ಕುಳಿತು ಮಾತನಾಡಬೇಕು.

ಭಾವನ_ಪರ
ಪತ್ರಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ನಮಗೆ ಬಂದಿರುವ ಎರಡು ಎಕರೆ ಗೋದಾಮಿನ ಗುತ್ತಿಗೆ ಒಪ್ಪಿಕೊಳ್ಳುವುದಕ್ಕೆ ಮೊದಲು ಹೊಣೆಗಾರಿಕೆಯ ಮಾತು ತೀರ್ಮಾನವಾಗಬೇಕು. ಬೆಳಗಾವಿಯವರೇ, ನಿಮ್ಮ ಖಾತೆ ಬದಲಾವಣೆ ಆದರೆ ಇಲ್ಲಿ ಬರೆಯಿರಿ.

ಬೆಳಗಾವಿ_ಫೌಂಡ್ರಿ
ಖಂಡಿತ ಬರೆಯುತ್ತೇನೆ.